ನಡುವೆ ಕಳೆದುಹೋಗುವ ಕಥೆ: ಒಂದನೆಯ ತರಗತಿಯಲ್ಲಿ ಚಿತ್ರಕಾರ್ಡುಗಳಿಂದ ಕಥೆ ಹೇಳಿಸುವ ಬಗೆ

ಒಂದನೆಯ ತರಗತಿಯ ಮಗುವಿಗೆ ಒಂದು ಕಥೆ ಹೇಳಿ, ಅದನ್ನೇ ತಿರುಗಿ ಹೇಳು ಎಂದರೆ ಸಾಮಾನ್ಯವಾಗಿ ಕಥೆಯ ಎರಡು ತುದಿಗಳು ಸಿಗುತ್ತವೆ. ಕಥೆ ಯಾರದು, ಅವರಿಗೆ ಏನು ತೊಂದರೆ ಬಂತು ಎಂಬುದು ಒಂದು ತುದಿ. ಕೊನೆಗೆ ಎಲ್ಲ ಸರಿಹೋಯಿತು ಎಂಬುದು ಇನ್ನೊಂದು. ತೊಂದರೆಯಿಂದ ಹೊರಬರಲು ಅವರು ಏನೇನು ಮಾಡಿದರು, ಯಾವುದು ಫಲಿಸಲಿಲ್ಲ, ಆಗ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದೆಲ್ಲ ಒಂದು ‘ಆಮೇಲೆ’ಯಲ್ಲಿ ಮುಗಿದುಹೋಗುತ್ತದೆ. ಮಗು ಕಥೆಯನ್ನು ಗಮನವಿಟ್ಟು ಕೇಳಿರಲಿಲ್ಲ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಆರು-ಏಳು ವರ್ಷದ ಮಕ್ಕಳ ನೆನಪು ಕಥೆಯನ್ನು ಹಿಡಿದಿಟ್ಟುಕೊಳ್ಳುವ ರೀತಿಯೇ ಹೀಗೆ. 1979ರಲ್ಲಿ ನ್ಯಾನ್ಸಿ ಸ್ಟೈನ್ ಮತ್ತು ಕ್ರಿಸ್ಟೀನ್ ಗ್ಲೆನ್ ಎಂಬ ಸಂಶೋಧಕಿಯರು ಒಂದನೆಯ ಮತ್ತು ಐದನೆಯ ತರಗತಿಯ ಮಕ್ಕಳಿಗೆ ಚಿಕ್ಕ ಕಥೆಗಳನ್ನು ಹೇಳಿ, ಅವರು ಏನನ್ನು ನೆನಪಿಟ್ಟುಕೊಳ್ಳುತ್ತಾರೆ ಎಂದು ನೋಡಿದರು. ಪಾತ್ರದ ಪರಿಚಯ, ಕಥೆಗೆ ಚಾಲನೆ ಕೊಟ್ಟ ಘಟನೆ ಮತ್ತು ಫಲಿತಾಂಶ ಚೆನ್ನಾಗಿ ನೆನಪಿನಲ್ಲಿ ಉಳಿದವು. ಪಾತ್ರ ಏನು ಅಂದುಕೊಂಡಿತು, ಏನು ಬಯಸಿತು ಎಂಬ ಭಾಗ ಸುಲಭವಾಗಿ ಜಾರಿಹೋಯಿತು, ಅದರಲ್ಲೂ ಚಿಕ್ಕ ಮಕ್ಕಳಲ್ಲಿ.

ಆರಂಭ, ಮಧ್ಯ, ಅಂತ್ಯದ ಚಿತ್ರಕಾರ್ಡುಗಳನ್ನು ಬಳಸುವ ಶಿಕ್ಷಕರು ಗಮನಿಸಬೇಕಾದದ್ದು ಇದನ್ನೇ. ಸಾಮಾನ್ಯವಾಗಿ ಸಿಗುವ ಕಾರ್ಡುಗಳ ಕಟ್ಟಿನಲ್ಲಿ ಮೂರೇ ಚಿತ್ರಗಳಿರುತ್ತವೆ, ಒಂದೊಂದು ಭಾಗಕ್ಕೆ ಒಂದೊಂದು. ಮಗು ಮೂರನ್ನೂ ಸರಿಯಾಗಿ ಜೋಡಿಸಿ ಮೂರು ವಾಕ್ಯ ಹೇಳುತ್ತದೆ, ನಾವು ಭೇಷ್ ಎನ್ನುತ್ತೇವೆ. ಎಲ್ಲಿ ಹೆಚ್ಚು ಬೆಂಬಲ ಬೇಕಿತ್ತೋ ಅಲ್ಲಿಗೂ ಒಂದೇ ಚಿತ್ರ, ಒಂದೇ ವಾಕ್ಯ. ಕಥೆಯ ಮೂರು ಭಾಗಗಳು ಸಮಾನ ಅಳತೆಯವು ಎಂಬ ತಪ್ಪು ತಿಳಿವಳಿಕೆಯನ್ನೂ ಈ ಕಾರ್ಡುಗಳು ಸದ್ದಿಲ್ಲದೆ ಕಲಿಸಿಬಿಡುತ್ತವೆ. ಮೂರು ಕಾರ್ಡುಗಳ ಕಟ್ಟು ಮೊದಲ ಒಂದೆರಡು ವಾರದ ಪರಿಚಯಕ್ಕೆ ಸಾಕು. ಆಮೇಲೆ ಆರು ಕಾರ್ಡುಗಳಿಗೆ ಹೋಗಬೇಕು, ಅವುಗಳಲ್ಲಿ ಮೂರಾದರೂ ಮಧ್ಯಭಾಗಕ್ಕೆ ಮೀಸಲಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಒಂದು ಕಥೆಯ ಮೂಲಕವೇ ನೋಡೋಣ. ಈ ಕೆಲಸಕ್ಕೆಂದೇ ಹೆಣೆದ ಪುಟ್ಟ ಕಥೆ ಇದು:

ಮಳೆ ನಿಂತಿತ್ತು. ಮಿನಿ ಕೆಂಪು ಕಾಗದದಲ್ಲಿ ಒಂದು ದೋಣಿ ಮಾಡಿ ಹಳ್ಳದ ನೀರಿಗೆ ಬಿಟ್ಟಳು. ದೋಣಿ ತೇಲುತ್ತಾ ಹೋಗಿ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಮಿನಿ ದಡದಲ್ಲಿದ್ದ ಒಂದು ಕೋಲನ್ನು ತೆಗೆದುಕೊಂಡು ಚಾಚಿದಳು. ಕೋಲು ಗಿಡ್ಡವಾಗಿತ್ತು, ದೋಣಿಯ ತನಕ ಎಟುಕಲಿಲ್ಲ. ಅಲೆ ಎದ್ದರೆ ದೋಣಿ ಬಿಡಿಸಿಕೊಳ್ಳಬಹುದು ಎಂದುಕೊಂಡು ನೀರಿಗೆ ಒಂದು ಕಲ್ಲು ಎಸೆದಳು. ನೀರು ಚಿಮ್ಮಿ ದೋಣಿ ಒದ್ದೆಯಾಯಿತು, ಒಂದು ಬದಿಗೆ ವಾಲಿತು. ಮಿನಿಗೆ ಭಯವಾಯಿತು. ‘ಇನ್ನೊಂದು ಕಲ್ಲು ಎಸೆದರೆ ಮುಳುಗಿಯೇ ಹೋಗುತ್ತದೆ’ ಎಂದುಕೊಂಡಳು. ಸುತ್ತ ನೋಡಿದಾಗ ಇನ್ನೊಂದು ಕೋಲು ಕಂಡಿತು. ತಲೆಯ ರಿಬ್ಬನ್ ಬಿಚ್ಚಿ ಎರಡು ಕೋಲುಗಳನ್ನೂ ಸೇರಿಸಿ ಕಟ್ಟಿದಳು. ಆ ಉದ್ದ ಕೋಲಿನಿಂದ ದೋಣಿಯನ್ನು ಮೆಲ್ಲಗೆ ದಡಕ್ಕೆ ಎಳೆದುಕೊಂಡಳು. ಮನೆಗೆ ಬಂದು ದೋಣಿಯನ್ನೂ ರಿಬ್ಬನ್ನನ್ನೂ ಕಿಟಕಿಯ ಬಳಿ ಒಣಗಲು ಇಟ್ಟಳು.

ಮಾಮೂಲಿ ಧ್ವನಿಯಲ್ಲಿ ಹೇಳಿದರೆ ಒಂದೂವರೆ ನಿಮಿಷವೂ ಆಗುವುದಿಲ್ಲ. ಆದರೆ ಇದರಲ್ಲಿ ಎರಡು ಸೋಲುಗಳು, ಒಂದು ಭಯ, ಒಂದು ಯೋಚನೆ ಮತ್ತು ಒಂದು ಉಪಾಯ ಇವೆ. ಮೊದಲ ಎರಡು ಕಾರ್ಡು ಆರಂಭಕ್ಕೆ: ದೋಣಿಯನ್ನು ನೀರಿಗೆ ಬಿಡುವುದು, ಅದು ಕಲ್ಲುಗಳ ನಡುವೆ ಸಿಕ್ಕಿಕೊಳ್ಳುವುದು. ನಡುವಿನ ಮೂರು: ಗಿಡ್ಡ ಕೋಲು, ಎಸೆದ ಕಲ್ಲು, ರಿಬ್ಬನ್ನಿನಿಂದ ಕಟ್ಟಿದ ಕೋಲುಗಳು. ಕೊನೆಯದು ಕಿಟಕಿಯ ಬಳಿ ಒಣಗುತ್ತಿರುವ ದೋಣಿ. ದೋಣಿಯನ್ನು ದಡಕ್ಕೆ ಎಳೆದುಕೊಂಡ ಚಿತ್ರವನ್ನು ಬೇಕೆಂದೇ ಬಿಟ್ಟಿದ್ದೇನೆ. ಐದನೆಯ ಮತ್ತು ಆರನೆಯ ಕಾರ್ಡುಗಳ ನಡುವೆ ಏನಾಗಿರಬೇಕು ಎಂಬುದನ್ನು ಮಗು ತನ್ನ ಮಾತಿನಿಂದಲೇ ತುಂಬಬೇಕು. ಆರೂ ಕಡೆ ಚಿತ್ರದ ಆಸರೆ ಕೊಟ್ಟು, ಒಂದು ಕಡೆ ಸಣ್ಣ ಅಂತರವನ್ನು ಬಿಟ್ಟರೆ ಮಗುವಿಗೆ ಕಥೆ ಗೊತ್ತಿದೆಯೇ ಅಥವಾ ಚಿತ್ರ ಮಾತ್ರ ಕಾಣುತ್ತಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಚಿತ್ರ ಬಿಡಿಸುವಾಗ

ಕಾರ್ಡನ್ನು ಶಿಕ್ಷಕರೇ ಬಿಡಿಸಿದರೂ ಸಾಕು, ಕಲಾವಿದರೇ ಬೇಕಾಗಿಲ್ಲ. ಅಂಚೆ ಕಾರ್ಡಿನ ಅಳತೆ ಒಂದು ಮಗುವಿನ ಕೈಗೆ ಒಗ್ಗುತ್ತದೆ. ಇಡೀ ಗುಂಪಿಗೆ ತೋರಿಸುವುದಾದರೆ ದೊಡ್ಡ ಹಾಳೆ ಬೇಕು. ಒಂದು ಕಾರ್ಡಿನಲ್ಲಿ ಒಂದೇ ಘಟನೆ ಇರಬೇಕು. ಹಿನ್ನೆಲೆಯಲ್ಲಿ ಹಕ್ಕಿ, ಮನೆ, ಹೂಗಿಡ ಎಂದು ತುಂಬಿದರೆ ಮಕ್ಕಳ ಮಾತು ಅತ್ತ ಹರಿಯುತ್ತದೆ. ಎಲ್ಲ ಕಾರ್ಡುಗಳಲ್ಲೂ ಪಾತ್ರದ ಬಟ್ಟೆ, ಬಣ್ಣ, ಎತ್ತರ ಒಂದೇ ಆಗಿರಲಿ. ನಮಗೆ ಇದು ಕ್ಷುಲ್ಲಕವೆನಿಸಬಹುದು, ಆದರೆ ಎರಡನೆಯ ಚಿತ್ರದಲ್ಲಿ ಅಂಗಿಯ ಬಣ್ಣ ಬದಲಾದರೆ ‘ಇವಳು ಇನ್ನೊಬ್ಬಳು’ ಎಂದು ನಂಬುವ ಮಕ್ಕಳಿದ್ದಾರೆ. ಅಲ್ಲಿಗೆ ಕಥೆ ತುಂಡಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಕ್ರಮದ ಸುಳಿವು ಚಿತ್ರದ ಒಳಗೇ ಇರಬೇಕು. ಮಿನಿಯ ಕಥೆಯಲ್ಲಿ ಅಂಥ ಎರಡು ಸುಳಿವುಗಳಿವೆ. ಒಂದರಿಂದ ಮೂರನೆಯ ಕಾರ್ಡಿನವರೆಗೆ ದೋಣಿ ನೆಟ್ಟಗಿದೆ, ನಾಲ್ಕು ಮತ್ತು ಐದರಲ್ಲಿ ವಾಲಿದೆ. ಒಂದರಿಂದ ನಾಲ್ಕರವರೆಗೆ ಮಿನಿಯ ತಲೆಯಲ್ಲಿ ರಿಬ್ಬನ್ ಇದೆ, ಐದರಲ್ಲಿ ಅದು ಕೋಲಿಗೆ ಬಂದಿದೆ, ಅವಳ ಕೂದಲು ಬಿಚ್ಚಿದೆ. ಆರರಲ್ಲಿ ರಿಬ್ಬನ್ ದೋಣಿಯ ಪಕ್ಕದಲ್ಲಿ ಒಣಗುತ್ತಿದೆ. ಈ ಸುಳಿವುಗಳನ್ನು ನಾವಾಗಿ ತೋರಿಸಬಾರದು. ‘ಕಲ್ಲು ಎಸೆದದ್ದು ಮೊದಲೋ, ಕೋಲು ಚಾಚಿದ್ದು ಮೊದಲೋ?’ ಎಂದು ಇಬ್ಬರು ಮಕ್ಕಳು ವಾದಕ್ಕೆ ಬಿದ್ದಾಗ ಅವರಲ್ಲಿ ಒಬ್ಬರು ‘ಕೋಲಿನ ಚಿತ್ರದಲ್ಲಿ ದೋಣಿ ಇನ್ನೂ ಬಿದ್ದಿಲ್ಲ ನೋಡು’ ಎಂದು ಬೆರಳಿಟ್ಟು ತೋರಿಸುತ್ತಾರೆ. ಆ ಮಗು ಚಿತ್ರವನ್ನು ಸಾಕ್ಷಿಯಾಗಿ ಬಳಸಲು ಕಲಿತಿದೆ. ಮುಂದೆ ಓದುವಾಗಲೂ ಉತ್ತರಕ್ಕಾಗಿ ಪಠ್ಯದ ಕಡೆಗೇ ತಿರುಗಬೇಕಾಗುತ್ತದೆ.

ಕಾರ್ಡುಗಳು ಸಿದ್ಧವಾದ ಮೇಲೆ ಕಥೆ ಗೊತ್ತಿಲ್ಲದ ಯಾರಾದರೊಬ್ಬ ದೊಡ್ಡವರಿಗೆ ಕಲೆಸಿ ಕೊಡಿ. ಅವರು ಬೇರೆ ಕ್ರಮದಲ್ಲಿ ಜೋಡಿಸಿದರೆ ದೋಷ ಚಿತ್ರದ್ದು. ಈ ಪರೀಕ್ಷೆ ಮಾಡದೆ ತರಗತಿಗೆ ಒಯ್ದ ಕಾರ್ಡುಗಳಿಂದ ಆಗುವ ಅನ್ಯಾಯ ಚಿಕ್ಕದಲ್ಲ: ಎರಡು ಕ್ರಮಗಳೂ ಸಾಧ್ಯವಿರುವ ಚಿತ್ರಗಳನ್ನು ಕೊಟ್ಟು, ಒಂದನ್ನು ಮಾತ್ರ ಸರಿ ಎಂದರೆ ಮಗು ಯೋಚಿಸುವುದನ್ನು ಬಿಟ್ಟು ಶಿಕ್ಷಕರ ಮುಖ ನೋಡಲು ಶುರುಮಾಡುತ್ತದೆ. ಕಾರ್ಡಿನ ಮುಂಭಾಗದಲ್ಲಿ ಅಂಕಿ ಬರೆಯುವುದೂ ಬೇಡ. ಅಂಕಿ ಕಂಡರೆ ಮಕ್ಕಳು ಅಂಕಿಯನ್ನೇ ಜೋಡಿಸುತ್ತಾರೆ, ಕಥೆಯನ್ನಲ್ಲ.

ಕಾರ್ಡುಗಳನ್ನು ಇಡಲು ಒಂದು ಉದ್ದನೆಯ ಕಾಗದದ ಪಟ್ಟಿ ಬೇಕು. ಅದನ್ನು ಮೂರು ಮನೆಗಳಾಗಿ ಗೆರೆ ಎಳೆದು ಭಾಗಿಸಿ: ಆರಂಭದ ಮನೆಯಲ್ಲಿ ಎರಡು ಕಾರ್ಡು ಹಿಡಿಸಬೇಕು, ಮಧ್ಯದ ಮನೆಯಲ್ಲಿ ಮೂರು, ಅಂತ್ಯದಲ್ಲಿ ಒಂದು. ಮೂರಕ್ಕೂ ಬೇರೆ ಬೇರೆ ಬಣ್ಣ ಕೊಡಿ. ಮಧ್ಯದ ಮನೆ ದೊಡ್ಡದು ಎಂಬುದು ಮಗುವಿನ ಕಣ್ಣಿಗೆ ಪ್ರತಿದಿನ ಬೀಳುತ್ತಿರಲಿ. ಪಟ್ಟಿಯ ಎಡತುದಿಯಲ್ಲಿ ಒಂದು ಬಾಣದ ಗುರುತು ಹಾಕಿ. ವರ್ಷದ ಮೊದಲ ತಿಂಗಳುಗಳಲ್ಲಿ ಕೆಲವು ಮಕ್ಕಳು ಬಲದಿಂದ ಎಡಕ್ಕೆ ಜೋಡಿಸುತ್ತಾರೆ. ಅವರ ಕಥೆ ಸರಿಯಾಗಿಯೇ ಇರುತ್ತದೆ, ದಿಕ್ಕು ಮಾತ್ರ ತಿರುಗಿರುತ್ತದೆ. ಹಾಗಾಗಿ ಜೋಡಣೆ ತಪ್ಪೆನಿಸಿದರೆ ಮೊದಲು ‘ಎಲ್ಲಿಂದ ಶುರುಮಾಡಿದೆ?’ ಎಂದು ಕೇಳಬೇಕು.

ಮೊದಲು ಕಿವಿಗೆ, ಆಮೇಲೆ ಕೈಗೆ

ಮೊದಲ ದಿನ ಕಾರ್ಡುಗಳು ಹೊರಗೆ ಬರಬಾರದು. ಕಥೆಯನ್ನು ಬಾಯಲ್ಲಿ ಹೇಳಿ, ಮಕ್ಕಳು ಕೇಳಲಿ. ಬೇಕಿದ್ದರೆ ಎರಡು ಸಲ ಹೇಳಿ. ಕಾರ್ಡು ಮೊದಲೇ ಕೈಗೆ ಬಂದರೆ ಮಗುವಿನ ಪಾಲಿಗೆ ಅದು ನೆನಪಿಗೆ ಆಸರೆಯಾಗುವ ಬದಲು ವರ್ಣಿಸಬೇಕಾದ ವಸ್ತುವಾಗುತ್ತದೆ. ಈ ವ್ಯತ್ಯಾಸ ಮಗುವಿನ ಮಾತಿನಲ್ಲೇ ಕೇಳಿಸುತ್ತದೆ. ಚಿತ್ರವನ್ನಷ್ಟೇ ನೋಡುತ್ತಿರುವ ಮಗು ಹೀಗೆ ಹೇಳುತ್ತದೆ: ‘ಇಲ್ಲಿ ಮಿನಿ ಇದ್ದಾಳೆ. ಇಲ್ಲಿ ಕೋಲು ಹಿಡಿದುಕೊಂಡಿದ್ದಾಳೆ. ಇಲ್ಲಿ ಕಲ್ಲು ಎಸೆಯುತ್ತಿದ್ದಾಳೆ.’ ಕಥೆ ಹೇಳುತ್ತಿರುವ ಮಗುವಿನ ಮಾತು ಬೇರೆ: ‘ಮಿನಿ ಕೋಲು ಚಾಚಿದಳು. ಎಟುಕಲಿಲ್ಲ. ಅದಕ್ಕೆ ಕಲ್ಲು ಎಸೆದಳು.’ ಮೊದಲನೆಯದರಲ್ಲಿ ಕ್ರಿಯಾಪದಗಳೆಲ್ಲ ‘ಇದ್ದಾಳೆ’, ‘ಮಾಡುತ್ತಿದ್ದಾಳೆ’ ಎಂದು ವರ್ತಮಾನದಲ್ಲಿವೆ, ಪ್ರತಿ ವಾಕ್ಯವೂ ‘ಇಲ್ಲಿ’ಯಿಂದ ಶುರುವಾಗುತ್ತದೆ. ಎರಡನೆಯದು ಭೂತಕಾಲದಲ್ಲಿದೆ, ಒಂದು ವಾಕ್ಯ ಇನ್ನೊಂದನ್ನು ಹಿಡಿದುಕೊಂಡಿದೆ. ತರಗತಿಯಲ್ಲಿ ಓಡಾಡುತ್ತಾ ಬರಿಯ ಕಿವಿಗೊಟ್ಟರೂ ಯಾವ ಮಗು ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಸುಲಭವಾದ ಗುರುತು ನನಗೆ ಗೊತ್ತಿಲ್ಲ.

ಎರಡನೆಯ ದಿನ ಜೋಡಿಸುವ ಕೆಲಸ. ಇಬ್ಬಿಬ್ಬರಿಗೆ ಒಂದು ಕಟ್ಟು ಕೊಡಿ. ಇಬ್ಬರಿದ್ದರೆ ಮಾತು ಹುಟ್ಟುತ್ತದೆ. ಒಬ್ಬರೇ ಇದ್ದರೆ ಕಾರ್ಡುಗಳು ಮೌನವಾಗಿ ಜಾಗ ಬದಲಿಸುತ್ತವೆ. ಮೊದಲು ಪಟ್ಟಿಯ ಎರಡೂ ತುದಿಗಳನ್ನು ಭರ್ತಿ ಮಾಡಿಸಿ. ಕಥೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಹೇಗೂ ಅವರಿಗೆ ನೆನಪಿರುತ್ತದೆ. ಆ ಮೂರು ಕಾರ್ಡುಗಳು ಕೂತ ಮೇಲೆ ಮಧ್ಯದ ಮೂರು ಖಾಲಿ ಜಾಗಗಳು ಎದ್ದು ಕಾಣುತ್ತವೆ, ಚರ್ಚೆಯೆಲ್ಲ ಅಲ್ಲಿಯೇ ನಡೆಯುತ್ತದೆ. ಯಾವ ಕಾರ್ಡು ಯಾವ ಭಾಗಕ್ಕೆ ಸೇರಿದ್ದು ಎಂಬ ಬಗ್ಗೆ ಮಕ್ಕಳು ಗೊಂದಲಪಟ್ಟರೆ ಒಂದು ಗೆರೆ ನೆನಪಿರಲಿ: ತೊಂದರೆ ಬರುವ ತನಕ ಆರಂಭ, ತೊಂದರೆಯೊಡನೆ ಸೆಣಸುವುದೆಲ್ಲ ಮಧ್ಯ, ತೊಂದರೆ ತೀರಿದ ಮೇಲಿನದು ಅಂತ್ಯ.

ಕಾರ್ಡು ಇಲ್ಲದಿದ್ದರೆ ಏನಾಗುತ್ತಿತ್ತು?

ಜೋಡಣೆ ಸರಿಬಂದರೆ ಕೆಲಸ ಮುಗಿಯಿತು ಎಂದು ಅನೇಕರು ತಿಳಿದಿದ್ದಾರೆ. ನಿಜವಾದ ಕೆಲಸ ಮೂರನೆಯ ದಿನ ಶುರುವಾಗುತ್ತದೆ, ಅದು ಕಾರ್ಡುಗಳ ನಡುವಿನ ಜಾಗದಲ್ಲಿ ನಡೆಯುವಂಥದ್ದು. ಕ್ರಮ ಗೊತ್ತಿದ್ದ ಮಾತ್ರಕ್ಕೆ ಕಾರಣ ಗೊತ್ತಿರಬೇಕೆಂದಿಲ್ಲ. ಮಿನಿ ಮೊದಲು ಕೋಲು ಚಾಚಿದಳು, ಆಮೇಲೆ ಕಲ್ಲು ಎಸೆದಳು, ಆಮೇಲೆ ರಿಬ್ಬನ್ ಬಿಚ್ಚಿದಳು ಎಂದು ತಪ್ಪಿಲ್ಲದೆ ಹೇಳುವ ಮಗುವಿಗೆ, ರಿಬ್ಬನ್ ಬಿಚ್ಚಿದ್ದು ಯಾಕೆ ಎಂಬುದು ಹೊಳೆಯದೇ ಇರಬಹುದು.

ಮನಶ್ಶಾಸ್ತ್ರಜ್ಞ ಟಾಮ್ ಟ್ರಬಾಸೊ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಕಥೆಯ ಘಟನೆಗಳ ನಡುವಿನ ಕಾರಣದ ಕೊಂಡಿಗಳನ್ನು ಅಧ್ಯಯನ ಮಾಡಿದರು. ಬೇರೆ ಘಟನೆಗಳೊಂದಿಗೆ ಹೆಚ್ಚು ಕೊಂಡಿಗಳಿರುವ ಘಟನೆಗಳೇ ಕೇಳುಗರ ನೆನಪಿನಲ್ಲಿ ಹೆಚ್ಚು ಉಳಿಯುತ್ತವೆ ಎಂಬುದು ಅವರು ಕಂಡುಕೊಂಡದ್ದು. ಎರಡು ಘಟನೆಗಳ ನಡುವೆ ಕೊಂಡಿ ಇದೆಯೇ ಎಂದು ತಿಳಿಯಲು ಅವರು ಬಳಸಿದ ಒರೆಗಲ್ಲು ತುಂಬ ಸರಳ: ಮೊದಲನೆಯದು ನಡೆಯದೇ ಇದ್ದಿದ್ದರೆ ಎರಡನೆಯದು ನಡೆಯುತ್ತಿತ್ತೇ? ಈ ಪ್ರಶ್ನೆಯನ್ನು ಹಾಗೆಯೇ ಎತ್ತಿಕೊಂಡು ಒಂದನೆಯ ತರಗತಿಗೆ ತರಬಹುದು, ಏಕೆಂದರೆ ಕಾರ್ಡುಗಳು ಅದನ್ನು ಕೈಯಿಂದ ಮಾಡಬಹುದಾದ ಕೆಲಸವಾಗಿಸುತ್ತವೆ.

ಆರೂ ಕಾರ್ಡುಗಳು ಪಟ್ಟಿಯ ಮೇಲಿರುವಾಗ ನಾಲ್ಕನೆಯದನ್ನು, ಅಂದರೆ ಕಲ್ಲು ಎಸೆಯುವುದನ್ನು, ಮಗುಚಿ ಹಾಕಿ. ‘ಮಿನಿ ಕಲ್ಲು ಎಸೆಯಲೇ ಇಲ್ಲ ಅಂದುಕೊಳ್ಳೋಣ. ಆಗ ಏನಾಗುತ್ತಿತ್ತು?’ ಎಂದು ಕೇಳಿ ಸುಮ್ಮನಿರಿ. ಒಬ್ಬರು ‘ದೋಣಿ ವಾಲುತ್ತಿರಲಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಅವಳಿಗೆ ಹೆದರಿಕೆಯೇ ಆಗುತ್ತಿರಲಿಲ್ಲ’ ಎನ್ನಬಹುದು. ‘ಹೆದರಿಕೆ ಆಗದೇ ಇದ್ದಿದ್ದರೆ?’ ಎಂದು ಮುಂದುವರಿಸಿ. ಕಲ್ಲು ಎಸೆಯುತ್ತಲೇ ಇರುತ್ತಿದ್ದಳು, ದೋಣಿ ಮುಳುಗುತ್ತಿತ್ತು ಎಂಬ ಉತ್ತರ ಬಂದರೆ, ಮೊದಲ ದಿನ ಯಾರ ಬಾಯಲ್ಲೂ ಬಾರದಿದ್ದ ಮಿನಿಯ ಭಯ ಈಗ ಕಥೆಯೊಳಗೆ ತನ್ನ ಜಾಗ ಹಿಡಿದಿದೆ ಎಂದರ್ಥ. ಭಯಕ್ಕೆ ಕಾರ್ಡಿರಲಿಲ್ಲ, ಅದು ಎರಡು ಕಾರ್ಡುಗಳ ನಡುವೆ ಅಡಗಿತ್ತು. ಅದೇ ರೀತಿ ಮೂರನೆಯ ಕಾರ್ಡನ್ನೂ ಮಗುಚಿ ನೋಡಿ. ಗಿಡ್ಡ ಕೋಲಿನ ಸೋಲು ಇಲ್ಲದಿದ್ದರೆ ಎರಡು ಕೋಲು ಕಟ್ಟುವ ಉಪಾಯ ಹೊಳೆಯುತ್ತಿತ್ತೇ? ಈ ಪ್ರಶ್ನೆಗೆ ಮಕ್ಕಳಲ್ಲಿ ಒಮ್ಮತ ಬಾರದಿದ್ದರೂ ಚಿಂತೆಯಿಲ್ಲ.

ಆಮೇಲೆ ಕಾರ್ಡುಗಳ ನಡುವೆ ಜೋಡಣೆಯ ಮಾತು ಬರಬೇಕು. ಮಕ್ಕಳ ಕೈಗೆ ಸಿಗುವ ಮೊದಲ ಮಾತು ‘ಆಮೇಲೆ’. ಅದನ್ನು ತಡೆಯುವುದು ಬೇಡ, ಅದರ ಜೊತೆಗೆ ಇನ್ನೂ ಮೂರನ್ನು ಸೇರಿಸಿದರೆ ಸಾಕು: ‘ಆದರೆ’, ‘ಅದಕ್ಕೆ’, ‘ಎಂದುಕೊಂಡು’. ಇವುಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು, ಓದಲು ಬಾರದ ಮಕ್ಕಳಿಗಾಗಿ ಬೇರೆ ಬೇರೆ ಬಣ್ಣ ಕೊಟ್ಟು, ಕಾರ್ಡುಗಳ ನಡುವೆ ಇಡಿಸಿ. ಎರಡನೆಯ ಮತ್ತು ಮೂರನೆಯ ಕಾರ್ಡಿನ ನಡುವೆ ‘ಅದಕ್ಕೆ’: ದೋಣಿ ಸಿಕ್ಕಿಕೊಂಡಿತು, ಅದಕ್ಕೆ ಮಿನಿ ಕೋಲು ಚಾಚಿದಳು. ಮೂರನೆಯದರ ಬಳಿ ‘ಆದರೆ’: ಆದರೆ ಕೋಲು ಎಟುಕಲಿಲ್ಲ. ‘ಎಂದುಕೊಂಡು’ ಎಂಬ ಚೀಟಿಯೇ ಈ ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಅದನ್ನು ಬಳಸಬೇಕಾದರೆ ಪಾತ್ರದ ಮನಸ್ಸಿನೊಳಗೆ ಇಣುಕದೆ ಗತಿಯಿಲ್ಲ. ‘ಮುಳುಗುತ್ತದೆ ಎಂದುಕೊಂಡು ಮಿನಿ ಕಲ್ಲು ಎಸೆಯುವುದನ್ನು ಬಿಟ್ಟಳು’ ಎಂಬ ಒಂದು ವಾಕ್ಯದಲ್ಲಿ ಭಯ, ಯೋಚನೆ, ನಿರ್ಧಾರ ಮೂರೂ ಬಂದುಬಿಡುತ್ತವೆ.

ಕಾರ್ಡುಗಳನ್ನು ಹಿಂತೆಗೆಯುವುದು

ಕಾರ್ಡು ಊರುಗೋಲು. ಅದನ್ನು ಯಾವಾಗ, ಯಾವ ಕ್ರಮದಲ್ಲಿ ತೆಗೆಯಬೇಕು ಎಂಬುದನ್ನು ಯೋಚಿಸದೆ ಹೋದರೆ ವರ್ಷದ ಕೊನೆಯಲ್ಲೂ ಮಗು ಚಿತ್ರವಿಲ್ಲದೆ ಬಾಯಿ ತೆರೆಯುವುದಿಲ್ಲ. ನಾಲ್ಕನೆಯ ದಿನ ಮೊದಲು ತುದಿಗಳ ಕಾರ್ಡುಗಳನ್ನು ಮಗುಚಿ: ಆರಂಭ ಮತ್ತು ಅಂತ್ಯ ಹೇಗೂ ನೆನಪಿರುತ್ತವೆ. ಮಧ್ಯದ ಮೂರು ತೆರೆದಿರಲಿ. ಮಗು ಸಲೀಸಾಗಿ ಹೇಳಿದರೆ ಮಧ್ಯದ ಒಂದನ್ನು, ಆಮೇಲೆ ಇನ್ನೊಂದನ್ನು ಮಗುಚಿ. ಆರೂ ಮಗುಚಿದ ಮೇಲೂ ಅವು ಪಟ್ಟಿಯ ಮೇಲೆಯೇ ಇರಲಿ. ಖಾಲಿ ಬೆನ್ನುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೇಳುವ ಮಕ್ಕಳಿದ್ದಾರೆ, ಅವರಿಗೆ ಈಗ ಚಿತ್ರ ಬೇಡ, ಜಾಗ ಮಾತ್ರ ಬೇಕು. ಬಹಳಷ್ಟು ಕಡೆ ಇದಕ್ಕೆ ತದ್ವಿರುದ್ಧವಾಗಿ, ಕಷ್ಟವಾದದ್ದನ್ನೇ ಕಲಿಯಲಿ ಎಂದು ಮಧ್ಯದ ಕಾರ್ಡುಗಳನ್ನು ಮೊದಲು ತೆಗೆಯುತ್ತಾರೆ. ಆಗ ಮಗು ಹಳೆಯ ಎರಡು ತುದಿಗಳ ಕಥೆಗೇ ವಾಪಸು ಬೀಳುತ್ತದೆ.

ಐದನೆಯ ದಿನ ಕೇಳುಗರನ್ನು ಬದಲಿಸಬೇಕು. ಇಷ್ಟು ದಿನ ಮಗು ಕಥೆ ಗೊತ್ತಿರುವವರಿಗೇ ಕಥೆ ಹೇಳಿದೆ. ನಮಗೆ ಗೊತ್ತಿದೆ ಎಂಬುದು ಅದಕ್ಕೂ ಗೊತ್ತು. ಅದಕ್ಕಾಗಿಯೇ ‘ಅವಳು ಅದನ್ನು ಅಲ್ಲಿಂದ ತೆಗೆದಳು’ ಎಂಬಂಥ ವಾಕ್ಯಗಳು ಬರುತ್ತವೆ. ಅವಳು ಯಾರು, ಅದು ಏನು, ಎಲ್ಲಿಂದ ಎಂಬುದನ್ನೆಲ್ಲ ಬೆರಳು ಹೇಳುತ್ತಿರುತ್ತದೆ. ಬೇರೆ ತರಗತಿಯ ಒಂದು ಮಗುವನ್ನು ಕರೆದು ಎದುರು ಕೂರಿಸಿ, ನಡುವೆ ಒಂದು ರಟ್ಟಿನ ತಡೆ ಇಡಿ. ಹೇಳುವ ಮಗುವಿಗೆ ಕಾರ್ಡು ಕಾಣಬೇಕು, ಕೇಳುವ ಮಗುವಿಗೆ ಕಾಣಬಾರದು. ಕೇಳುವ ಮಗುವಿನ ಬಳಿ ಅದೇ ಆರು ಕಾರ್ಡುಗಳ ಇನ್ನೊಂದು ಕಟ್ಟು ಕಲೆಸಿಟ್ಟಿರಲಿ. ಮಾತನ್ನಷ್ಟೇ ಕೇಳಿ ಅದು ಜೋಡಿಸಬೇಕು. ‘ಅವಳು ಅದನ್ನು ಹಿಡಿದಳು’ ಎಂದ ಕೂಡಲೇ ಆಚೆಯಿಂದ ‘ಏನನ್ನು?’ ಎಂಬ ಪ್ರಶ್ನೆ ಬರುತ್ತದೆ. ಸರಿಯಾಗಿ ಹೆಸರು ಹಿಡಿದು ಹೇಳು ಎಂದು ಶಿಕ್ಷಕರು ಎಷ್ಟು ಸಲ ತಿದ್ದಿದರೂ ಆಗದ ಕೆಲಸ ಆ ಒಂದು ಪ್ರಶ್ನೆಯಿಂದ ಆಗುತ್ತದೆ. ‘ಗಿಡ್ಡ ಕೋಲನ್ನು’ ಎಂಬ ಮಾತು ಆಗ ತಾನಾಗಿ ಹೊರಬರುತ್ತದೆ.

ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷದಂತೆ ಒಂದು ಕಥೆಗೆ ಒಂದು ವಾರ ಬೇಕು. ವಾರಕ್ಕೆ ಮೂರು ಕಥೆ ಓಡಿಸುವುದಕ್ಕಿಂತ ಇದು ಒಳ್ಳೆಯದು ಎಂದು ನಾನು ನಂಬಿದ್ದೇನೆ.

ಮಗು ತಡೆದಾಗ

ಕಥೆ ಹೇಳುತ್ತಿರುವ ಮಗು ಅರ್ಧದಲ್ಲಿ ನಿಂತಾಗ ನಮ್ಮ ಬಾಯಿ ತಕ್ಷಣ ತೆರೆದುಕೊಳ್ಳುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡಿಗಿಂತ ಹೆಚ್ಚು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದ ತಮ್ಮ ಅಧ್ಯಯನಗಳಲ್ಲಿ ತೋರಿಸಿದರು. ಕಥೆ ಹೇಳುವಾಗ ಐದು ಸೆಕೆಂಡು ಕಾಯುವುದು ಒಳ್ಳೆಯದು. ಮನಸ್ಸಿನಲ್ಲೇ ನಿಧಾನವಾಗಿ ಐದರ ತನಕ ಎಣಿಸಿ. ಆಗಲೂ ಮಾತು ಬಾರದಿದ್ದರೆ ‘ಆಮೇಲೆ?’ ಎಂದಷ್ಟೇ ಹೇಳಿ. ಅದೂ ಸಾಲದಿದ್ದರೆ ಕಾರ್ಡನ್ನು ಮುಟ್ಟಿ ತೋರಿಸಿ. ಅದರ ನಂತರವೇ ‘ಕೋಲು ದೋಣಿಯ ತನಕ ಎಟುಕಿತೇ?’ ಎಂಬಂಥ ನೇರ ಪ್ರಶ್ನೆ. ಈ ಕ್ರಮ ತಲೆಕೆಳಗಾಗಿ, ನೇರ ಪ್ರಶ್ನೆಯಿಂದಲೇ ಶುರುವಾದರೆ ಕಥೆ ಹೇಳುವುದು ಶಿಕ್ಷಕರ ಕೆಲಸವಾಗುತ್ತದೆ, ‘ಹೂಂ’, ‘ಇಲ್ಲ’ ಎನ್ನುವುದು ಮಗುವಿನದಾಗುತ್ತದೆ.

ದಾಖಲೆ ಇಡಲು ಒಂದು ಹಾಳೆ ಸಾಕು. ಎಡಗಡೆ ಕಥೆಯ ಮುಖ್ಯ ಸಂಗತಿಗಳನ್ನು ಬರೆದುಕೊಳ್ಳಿ. ಮಿನಿಯ ಕಥೆಯಲ್ಲಿ ಅವು ಎಂಟು: ಬಿಟ್ಟ ದೋಣಿ, ಸಿಕ್ಕಿಕೊಂಡದ್ದು, ಗಿಡ್ಡ ಕೋಲು, ಕಲ್ಲು ಮತ್ತು ವಾಲಿದ ದೋಣಿ, ಭಯ, ರಿಬ್ಬನ್, ದಡಕ್ಕೆ ಎಳೆದದ್ದು, ಒಣಗಲು ಇಟ್ಟದ್ದು. ಮಗು ತಾನಾಗಿ ಹೇಳಿದರೆ ಸರಿ ಗುರುತು, ಸುಳಿವು ಕೊಟ್ಟ ಮೇಲೆ ಹೇಳಿದರೆ ಚುಕ್ಕೆ, ಹೇಳದಿದ್ದರೆ ಖಾಲಿ. ಕೆಳಗಡೆ ‘ಆಮೇಲೆ’ ಬಿಟ್ಟು ಬೇರೆ ಯಾವ ಜೋಡಣೆಯ ಮಾತು ಬಂತು ಎಂದು ಬರೆದುಕೊಳ್ಳಿ. ಒಟ್ಟು ಎಷ್ಟು ಗುರುತು ಬಿತ್ತು ಎಂದು ಕೂಡಿಸಿ ಅಂಕ ಕೊಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಖಾಲಿ ಎಲ್ಲಿ ಬಿದ್ದಿದೆ ಎಂದು ನೋಡಬೇಕು. ಒಂದು ಮಗುವಿಗೆ ಎರಡು, ಮೂರು ಮತ್ತು ಐದನೆಯ ಸಾಲುಗಳು ಖಾಲಿಯಿದ್ದು, ಇನ್ನೊಂದಕ್ಕೆ ಐದನೆಯದು ಮಾತ್ರ ಖಾಲಿಯಿದ್ದರೆ ಇಬ್ಬರಿಗೂ ಬೇಕಾದ ಸಹಾಯ ಬೇರೆ. ಮೊದಲನೆಯ ಮಗುವಿಗೆ ಸಂಗತಿಗಳೇ ತಪ್ಪಿಹೋಗಿವೆ, ಕಥೆಯನ್ನು ಇನ್ನೊಮ್ಮೆ ಕೇಳಿಸಬೇಕು. ಎರಡನೆಯದಕ್ಕೆ ‘ಆಗ ಮಿನಿ ಏನಂದುಕೊಂಡಳು?’ ಎಂಬ ಒಂದೇ ಪ್ರಶ್ನೆ ಸಾಕು.

ಇನ್ನೊಂದು ಬಗೆಯ ಮಗುವೂ ಇದೆ: ಕಾರ್ಡುಗಳನ್ನು ಪಟಪಟನೆ ಸರಿಯಾಗಿ ಜೋಡಿಸುತ್ತದೆ, ಮಾತು ಮಾತ್ರ ಬರುವುದಿಲ್ಲ. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ ಇರುವ ಮಕ್ಕಳಲ್ಲಿ ಇದು ಸಾಮಾನ್ಯ. ಅಂಥವರಿಗೆ ಮೊದಲು ಮನೆಯ ಮಾತಿನಲ್ಲೇ ಕಥೆ ಹೇಳಲು ಬಿಡಿ. ಶಿಕ್ಷಕರಿಗೆ ಆ ಭಾಷೆ ಅರ್ಥವಾಗದಿದ್ದರೂ ಮಗು ಎಷ್ಟು ಹೊತ್ತು ಮಾತಾಡಿತು, ಯಾವ ಕಾರ್ಡಿನ ಬಳಿ ತಡೆಯಿತು, ಯಾವುದರ ಬಳಿ ದನಿ ಏರಿತು ಎಂಬುದು ತಿಳಿಯುತ್ತದೆ. ಕಥೆಯ ರಚನೆ ಮನಸ್ಸಿನಲ್ಲಿ ಇದೆಯೇ ಎಂಬುದು ಒಂದು ಪ್ರಶ್ನೆ, ಶಾಲೆಯ ಭಾಷೆಯ ಪದಗಳು ಇವೆಯೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ಅಳತೆಯಲ್ಲಿ ಅಳೆದರೆ, ಕಥೆ ಪೂರ್ತಿ ಗೊತ್ತಿರುವ ಮಗುವಿಗೆ ಅರ್ಥವಾಗಿಲ್ಲ ಎಂಬ ಹಣೆಪಟ್ಟಿ ಬೀಳುತ್ತದೆ. ಮಾತಿನ ತೊಂದರೆಯಿರುವ ಮಗುವಿಗೂ ಇದೇ ನ್ಯಾಯ. ಕಾರ್ಡು ಮಗುಚಿ ‘ಇದಿಲ್ಲದಿದ್ದರೆ?’ ಎಂದು ಕೇಳಿದಾಗ ಅದು ಮುಂದಿನ ಯಾವ ಕಾರ್ಡುಗಳನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದೇ ಉತ್ತರ.

ಎಲ್ಲ ಕಥೆಗಳೂ ಈ ಪಟ್ಟಿಗೆ ಹೊಂದುವುದಿಲ್ಲ. ಒಂದೇ ಮಾತು ಮತ್ತೆ ಮತ್ತೆ ಬರುತ್ತಾ, ಒಂದೊಂದೇ ಪಾತ್ರ ಸೇರಿಕೊಳ್ಳುತ್ತಾ ಬೆಳೆಯುವ ಕಥೆಗಳಲ್ಲಿ ನಡುವಿನ ಎರಡು ಘಟನೆಗಳನ್ನು ಅದಲುಬದಲು ಮಾಡಿದರೂ ಏನೂ ಕೆಡುವುದಿಲ್ಲ. ಅಲ್ಲಿ ‘ಇದಿಲ್ಲದಿದ್ದರೆ?’ ಎಂಬ ಪ್ರಶ್ನೆಗೆ ‘ಏನೂ ಆಗುತ್ತಿರಲಿಲ್ಲ’ ಎಂಬುದೇ ಸರಿಯಾದ ಉತ್ತರ, ಕ್ರಮ ಜೋಡಿಸುವುದು ಬರಿಯ ನೆನಪಿನ ಪರೀಕ್ಷೆಯಾಗುತ್ತದೆ. ಅಂಥ ಕಥೆಗಳನ್ನು ಹಾಡಿಗೆ, ಅಭಿನಯಕ್ಕೆ ಇಟ್ಟುಕೊಳ್ಳಿ. ಯಾರಿಗೂ ಯಾವ ತೊಂದರೆಯೂ ಬಾರದ, ಒಂದು ದಿನದ ಸುಂದರ ವರ್ಣನೆಯಂತಿರುವ ಕಥೆಗಳಿಗೂ ಈ ಪಟ್ಟಿ ಬೇಡ. ಒಂದು ತೊಂದರೆ, ಎರಡು ಅಥವಾ ಮೂರು ಪ್ರಯತ್ನ, ಅವುಗಳಲ್ಲಿ ಒಂದಾದರೂ ಸೋಲು, ಆ ಸೋಲಿನಿಂದಲೇ ಹುಟ್ಟುವ ಉಪಾಯ ಇರುವ ಕಥೆಯನ್ನು ಆರಿಸಿಕೊಳ್ಳಿ.

ಮೂರ್ನಾಲ್ಕು ಕಥೆಗಳು ಹೀಗೆ ಆದ ಮೇಲೆ ಮಕ್ಕಳ ಕೈಗೆ ಖಾಲಿ ಕಾರ್ಡುಗಳನ್ನು ಕೊಡಬಹುದು. ಹೊಸ ಕಥೆಯೊಂದನ್ನು ಹೇಳಿ, ಆರಂಭದ ಎರಡು ಮತ್ತು ಅಂತ್ಯದ ಒಂದು ಕಾರ್ಡನ್ನು ನಾವೇ ಬಿಡಿಸಿ ಕೊಟ್ಟು, ಮಧ್ಯದ ಮೂರನ್ನು ಅವರಿಂದ ಬಿಡಿಸಿ. ಚಿತ್ರ ಗೀಚಿದಂತಿದ್ದರೂ ಪರವಾಗಿಲ್ಲ. ಯಾವ ಮೂರು ಘಟನೆಗಳನ್ನು ಆರಿಸಿಕೊಂಡರು, ಯಾಕೆ ಎಂದು ಒಬ್ಬೊಬ್ಬರನ್ನೂ ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಕಾರ್ಡಿನ ಹಿಂದೆ ಬರೆದುಕೊಡಿ.